ಹರಾಜು ಚೀಟಿಯ ಲೆಕ್ಕಪುಸ್ತಕ: ತಿಂಗಳ ಪುಟವನ್ನು ತಾಳೆ ನೋಡುವ ಕ್ರಮ

ಹರಾಜು ಚೀಟಿಯಲ್ಲಿ ಸದಸ್ಯರು ಪ್ರತಿ ತಿಂಗಳು ಕಂತು ಕಟ್ಟುತ್ತಾರೆ. ಕೂಡಿದ ಮೊತ್ತದಲ್ಲಿ ಅತಿ ಹೆಚ್ಚು ಹಣವನ್ನು ಬಿಟ್ಟುಕೊಡಲು ಒಪ್ಪಿ ಕೂಗಿದವರು ಆ ತಿಂಗಳ ಚೀಟಿಯನ್ನು ಎತ್ತುತ್ತಾರೆ. ಹೀಗೆ ಬಿಟ್ಟುಕೊಟ್ಟ ಹಣವನ್ನು ಈ ಪಾಠದಲ್ಲಿ ‘ಕಡಿತ’ ಎಂದು ಕರೆಯಲಾಗಿದೆ. ಕಡಿತದಲ್ಲಿ ಮೊದಲು ಚೀಟಿ ನಡೆಸುವವರ ಕಮಿಷನ್ ಕಳೆಯಬೇಕು. ಉಳಿದುದನ್ನು ಎಲ್ಲ ಸದಸ್ಯರಿಗೂ ಸಮನಾಗಿ ಹಂಚಬೇಕು. ಇದೇ ಲಾಭಾಂಶ. ಚೀಟಿ ಎತ್ತಿದವರಿಗೂ ಇದರಲ್ಲಿ ಪಾಲಿದೆ.

1. ಒಂದು ಮಾದರಿ ಲೆಕ್ಕ

10 ಸದಸ್ಯರು, 10 ತಿಂಗಳು, ತಿಂಗಳಿಗೆ ತಲಾ 2,000 ರೂ. ಕಂತು, ಚೀಟಿಯ ಮೊತ್ತ 20,000 ರೂ. ಕಮಿಷನ್ ಶೇ. 5, ಅಂದರೆ ಪ್ರತಿ ತಿಂಗಳು 1,000 ರೂ. ಎಂದು ಇಟ್ಟುಕೊಳ್ಳೋಣ.

ಮೊದಲ ತಿಂಗಳು 5,000 ರೂ. ಕಡಿತಕ್ಕೆ ಕೂಗು ನಿಂತಿತು. ಎತ್ತಿದವರಿಗೆ 15,000 ರೂ. ಸಲ್ಲುತ್ತದೆ. ಕಡಿತದಲ್ಲಿ ಕಮಿಷನ್ ಕಳೆದು ಉಳಿದ 4,000 ರೂ.ಗಳನ್ನು ಹತ್ತು ಜನರಿಗೆ ಹಂಚಿದರೆ ತಲಾ 400 ರೂ. ಆದ್ದರಿಂದ ಪ್ರತಿಯೊಬ್ಬರೂ ಕಟ್ಟಬೇಕಾದ ನಿವ್ವಳ ಕಂತು 1,600 ರೂ. ಮಾತ್ರ.

| ತಿಂಗಳು | ಕಡಿತ | ಎತ್ತಿದವರಿಗೆ | ತಲಾ ಲಾಭಾಂಶ | ನಿವ್ವಳ ಕಂತು |
|---|---|---|---|---|
| 1 | 5,000 | 15,000 | 400 | 1,600 |
| 2 | 5,000 | 15,000 | 400 | 1,600 |
| 3 | 4,500 | 15,500 | 350 | 1,650 |
| 4 | 4,000 | 16,000 | 300 | 1,700 |
| 5 | 3,500 | 16,500 | 250 | 1,750 |
| 6 | 3,000 | 17,000 | 200 | 1,800 |
| 7 | 2,500 | 17,500 | 150 | 1,850 |
| 8 | 2,000 | 18,000 | 100 | 1,900 |
| 9 | 1,500 | 18,500 | 50 | 1,950 |
| 10 | 1,000 | 19,000 | 0 | 2,000 |

ಕೊನೆಯ ತಿಂಗಳಲ್ಲಿ ಒಬ್ಬರೇ ಉಳಿಯುವುದರಿಂದ ಹರಾಜಿಲ್ಲ. ಕಮಿಷನ್ ಮಾತ್ರ ಕಡಿತವಾಗುತ್ತದೆ. ಹತ್ತು ತಿಂಗಳಲ್ಲಿ ಪ್ರತಿ ಸದಸ್ಯರು ಕಟ್ಟುವ ಒಟ್ಟು ಹಣ 17,800 ರೂ. ಮೊದಲು ಎತ್ತಿದವರು 15,000 ರೂ. ಪಡೆದು 2,800 ರೂ. ಹೆಚ್ಚಾಗಿ ಕಟ್ಟುತ್ತಾರೆ, ಅದು ಹಣವನ್ನು ಮುಂಚೆ ಪಡೆದುದರ ಬೆಲೆ. ಕೊನೆಗೆ ಎತ್ತಿದವರಿಗೆ 1,200 ರೂ. ಹೆಚ್ಚಾಗಿ ದೊರೆಯುತ್ತದೆ, ಅದು ಕಾದುದಕ್ಕೆ ಸಿಕ್ಕ ಪ್ರತಿಫಲ.

2. ತಾಳೆ ನೋಡುವ ಸೂತ್ರ

ಪ್ರತಿ ತಿಂಗಳ ಪುಟದ ಕೆಳಗೆ ಒಂದು ಸಾಲು ಇರಲೇಬೇಕು: ವಸೂಲಾದ ಒಟ್ಟು ಕಂತು, ಎತ್ತಿದವರಿಗೆ ಕೊಟ್ಟ ಹಣ ಮತ್ತು ಕಮಿಷನ್ ಎರಡರ ಮೊತ್ತಕ್ಕೆ ಸಮವಾಗಿರಬೇಕು. ಮೊದಲ ತಿಂಗಳಲ್ಲಿ ವಸೂಲಿ 16,000 ರೂ.; ಪಾವತಿ 15,000 ರೂ., ಕಮಿಷನ್ 1,000 ರೂ. ಪುಟ ತಾಳೆಯಾಯಿತು. ಇದೇ ಅಂಕಿಗಳು ಸದಸ್ಯರ ಪಾಸ್‌ಪುಸ್ತಕದಲ್ಲಿಯೂ ಇರಬೇಕು.

3. ಬಾಕಿ ಉಳಿದಾಗ

ನಾಲ್ಕನೆಯ ತಿಂಗಳಲ್ಲಿ, ಮೊದಲ ಚೀಟಿ ಎತ್ತಿದ ಸದಸ್ಯರು ಕಂತು ಕಟ್ಟಲಿಲ್ಲವೆನ್ನೋಣ. ಬೇಕಾದುದು 17,000 ರೂ.; ವಸೂಲಾದುದು 15,300 ರೂ. ಕಮಿಷನ್ ಬಿಟ್ಟರೂ ಪಾವತಿಗೆ 700 ರೂ. ಸಾಲದು. ಈ ಕೊರತೆಯನ್ನು ನಡೆಸುವವರು ತಮ್ಮ ಹಣದಿಂದ ತುಂಬಬೇಕು. ಪುಸ್ತಕದಲ್ಲಿ 1,700 ರೂ. ಆ ಸದಸ್ಯರ ಹೆಸರಿನಲ್ಲಿ ಬಾಕಿಯಾಗಿಯೂ, 700 ರೂ. ನಡೆಸುವವರ ಮುಂಗಡವಾಗಿಯೂ, 1,000 ರೂ. ಬರಬೇಕಾದ ಕಮಿಷನ್ ಆಗಿಯೂ ಬರೆಯಬೇಕು.

ಹಾಗೆ ಬರೆಯದೆ, ಐದನೆಯ ತಿಂಗಳ ವಸೂಲಿಯಿಂದ ನಾಲ್ಕನೆಯ ತಿಂಗಳ ಪಾವತಿಯನ್ನು ಪೂರೈಸಿದರೆ ಕೊರತೆ ಮುಂದಿನ ಪುಟಕ್ಕೆ ಸರಿಯುತ್ತದೆಯೇ ಹೊರತು ತೀರುವುದಿಲ್ಲ. ಅದರ ಹೊರೆ ಕೊನೆಗೆ ಎತ್ತುವವರ ಮೇಲೆ ಬೀಳುತ್ತದೆ. ಪಾವತಿಯ ದಿನಾಂಕ ತಿಂಗಳಿನಿಂದ ತಿಂಗಳಿಗೆ ಹಿಂದಕ್ಕೆ ಬೀಳುವುದು, ಎತ್ತಿದ ಹಣವನ್ನು ಕಂತುಗಳಲ್ಲಿ ಕೊಡುವುದು ಇದರ ಮೊದಲ ಲಕ್ಷಣಗಳು.

ಎಲ್ಲ ಬಾಕಿಯೂ ಒಂದೇ ಬಗೆಯದಲ್ಲ. ಚೀಟಿ ಎತ್ತದವರ ಬಾಕಿಯಿಂದ ಆ ತಿಂಗಳ ಪಾವತಿಗೆ ಅಡಚಣೆಯಾದರೂ, ಅವರು ಕಟ್ಟಿದ 4,850 ರೂ. ಚೀಟಿಯಲ್ಲಿಯೇ ಇರುತ್ತದೆ. ಮೊದಲ ಚೀಟಿ ಎತ್ತಿದವರಾದರೋ 15,000 ರೂ. ಪಡೆದಿದ್ದಾರೆ, ಕಟ್ಟಿರುವುದು 4,850 ರೂ., ಇನ್ನೂ ಕಟ್ಟಬೇಕಾದುದು 12,950 ರೂ. ಆದ್ದರಿಂದ ‘ಎತ್ತಿದವರ ಬಾಕಿ’ ಮತ್ತು ‘ಎತ್ತದವರ ಬಾಕಿ’ ಎಂದು ಎರಡು ಪ್ರತ್ಯೇಕ ಕಲಂಗಳಿರಬೇಕು. ಹಣ ಕೊಡುವ ಮುನ್ನವೇ ಎತ್ತಿದವರಿಂದ ಮುಂದಿನ ಕಂತುಗಳಿಗೆ ಜಾಮೀನು ಪಡೆಯಬೇಕಾದುದು ಇದೇ ಕಾರಣಕ್ಕೆ.

4. ಕಾನೂನಿನ ಅಂಶಗಳು

ಚೀಟಿ ನಿಧಿಗಳ ಅಧಿನಿಯಮ, 1982ರ ಪ್ರಕಾರ ಚೀಟಿ ಆರಂಭಿಸುವ ಮುನ್ನ ಪೂರ್ವಾನುಮತಿ ಮತ್ತು ನೋಂದಣಿ ಅಗತ್ಯ. 2019ರ ತಿದ್ದುಪಡಿಯಂತೆ ಕಮಿಷನ್ ಚೀಟಿ ಮೊತ್ತದ ಶೇ. 7ನ್ನು ಮೀರುವಂತಿಲ್ಲ. ಪ್ರತಿ ಹರಾಜಿನ ನಡವಳಿಯನ್ನು ಕೂಡಲೇ ಬರೆದು, ನಡೆಸುವವರ ಮತ್ತು ಹಾಜರಿರುವ ಕನಿಷ್ಠ ಇಬ್ಬರು ಸದಸ್ಯರ ಸಹಿ ಪಡೆಯಬೇಕು. ಚೀಟಿ ಎತ್ತಿದವರು ಹಾಜರಿದ್ದಲ್ಲಿ ಅವರ ಸಹಿಯೂ ಬೇಕು.

ಸ್ವಸಹಾಯ ಸಂಘಗಳ ಸದಸ್ಯರು ಚೀಟಿಯ ಹಣವನ್ನು ಸಂಘದ ಉಳಿತಾಯ ಖಾತೆಯೊಂದಿಗೆ ಬೆರೆಸತಕ್ಕದ್ದಲ್ಲ. ಚೀಟಿಗೆ ಸೇರಿದವರು ಪ್ರತಿ ತಿಂಗಳು ಕಂತು ಕಟ್ಟುವಾಗ ಹಿಂದಿನ ತಿಂಗಳ ಪುಟವನ್ನು ಕೇಳಿ, ವಸೂಲಿ, ಪಾವತಿ, ಕಮಿಷನ್ ಈ ಮೂರು ಅಂಕಿಗಳನ್ನು ಕೂಡಿ ನೋಡಿದ ನಂತರವೇ ಪಾಸ್‌ಪುಸ್ತಕದಲ್ಲಿ ಸಹಿ ಪಡೆಯತಕ್ಕದ್ದು.