ಸೋಲಾರ್ ಬ್ಯಾಟರಿಯಲ್ಲಿ ಊಟ ಬೇಯಿಸಿ: ಐದು ಸೂತ್ರಗಳು

1. ಮೊದಲು ಅಳೆಯಿರಿ.
‘ಬ್ಯಾಟರಿ ಸಾಕಾಗುತ್ತೋ ಇಲ್ಲವೋ’ ಎಂಬ ಅನುಮಾನ ಒಂದು ಚಟ. ಅದಕ್ಕೆ ಮದ್ದು ಮೀಟರ್. ಇಂಡಕ್ಷನ್ ಸ್ಟೌವ್ ಪ್ಲಗ್‌ಗೆ ಎನರ್ಜಿ ಮೀಟರ್ ಸಿಕ್ಕಿಸಿ, ಒಂದು ವಾರ ಬರೆದಿಡಿ. ನಾಲ್ಕು ಜನರ ಮಧ್ಯಾಹ್ನದ ಊಟದ ಅಂದಾಜು ಲೆಕ್ಕ ಹೀಗಿರುತ್ತದೆ: ಕುಕ್ಕರ್‌ನಲ್ಲಿ ಅನ್ನ 0.2 ಯೂನಿಟ್, ಬೇಳೆ 0.2, ಸಾರಿನ ಕುದಿ ಮತ್ತು ಒಗ್ಗರಣೆ 0.1, ಬೀನ್ಸ್ ಪಲ್ಯ 0.15. ಒಟ್ಟು 0.65. ಇನ್ವರ್ಟರ್ ತಾನೂ ಸ್ವಲ್ಪ ತಿನ್ನುತ್ತದೆ; ಹಾಗಾಗಿ ಬ್ಯಾಟರಿಯಿಂದ ಮುಕ್ಕಾಲು ಯೂನಿಟ್ ಹೋಗುತ್ತದೆ ಎಂದಿಟ್ಟುಕೊಳ್ಳಿ. ಮುದ್ದೆಯೂ ಬೇಕೆಂದರೆ ಇನ್ನಷ್ಟು ಸೇರಿಸಿ.

2. ಯೂನಿಟ್ ಜೊತೆಗೆ ವಾಟ್ ನೋಡಿ.
ಹೆಚ್ಚಿನವರು ಎಡವುವುದು ಇಲ್ಲೇ. ಮನೆಯ 12 ವೋಲ್ಟ್, 150 ಎಎಚ್ ಟ್ಯೂಬುಲರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1.8 ಯೂನಿಟ್ ಇದೆ. ಊಟಕ್ಕೆ ಬೇಕಾದದ್ದು ಮುಕ್ಕಾಲು. ಆದರೂ ಸ್ಟೌವ್ ಆನ್ ಮಾಡಿದ ಸ್ವಲ್ಪ ಹೊತ್ತಿಗೇ ಇನ್ವರ್ಟರ್ ‘ಲೋ ಬ್ಯಾಟರಿ’ ಎಂದು ಕೂಗುತ್ತದೆ. ಯಾಕೆ? ಸ್ಟೌವ್‌ಗೆ 1500 ವಾಟ್ ಕೊಡಲು ಆ ಬ್ಯಾಟರಿ 125 ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಹರಿಸಬೇಕು. ಅದರ ಮೇಲಿನ 150 ಎಎಚ್ ಸಾಮಾನ್ಯವಾಗಿ 20 ಗಂಟೆ ನಿಧಾನವಾಗಿ ಬಳಸಿದರೆ ಸಿಗುವ ಲೆಕ್ಕ. ಒಮ್ಮೆಲೇ ಎಳೆದರೆ ವೋಲ್ಟೇಜ್ ಕುಸಿಯುತ್ತದೆ, ಬ್ಯಾಟರಿಯ ಆಯುಸ್ಸೂ ಕಡಿಮೆಯಾಗುತ್ತದೆ. ಅಡುಗೆಗೆ 24 ವೋಲ್ಟ್, 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಆರಿಸಿ. ಎರಡು ಯೂನಿಟ್ ಆಸುಪಾಸು ಬಳಸಬಹುದು. ಎಷ್ಟು ಆಂಪಿಯರ್ ನಿರಂತರವಾಗಿ ಕೊಡುತ್ತದೆ ಎಂದು ಕೇಳದೆ ದುಡ್ಡು ಕೊಡಬೇಡಿ.

3. ‘400 ವಾಟ್’ ಬಟನ್ ನಂಬಬೇಡಿ.
ಅಗ್ಗದ ಸ್ಟೌವ್‌ಗಳು ಕಡಿಮೆ ಸೆಟ್ಟಿಂಗ್‌ನಲ್ಲಿ ಸಾವಿರ ವಾಟ್ ಅಥವಾ ಹೆಚ್ಚು ಎಳೆದು, ನಿಲ್ಲಿಸಿ, ಮತ್ತೆ ಎಳೆಯುತ್ತವೆ. ಮೀಟರ್‌ನಲ್ಲಿ ಅಂಕಿ ಏರಿ ಸೊನ್ನೆಗೆ ಇಳಿಯುತ್ತಿದ್ದರೆ ನಿಮ್ಮದೂ ಅದೇ ಜಾತಿ. ಇನ್ವರ್ಟರ್ ತಡೆದುಕೊಳ್ಳಬೇಕಾದದ್ದು ಆ ದೊಡ್ಡ ಅಂಕಿಯನ್ನು. 2000 ವಾಟ್ ಸ್ಟೌವ್‌ಗೆ 3 ಕೆವಿಎ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇಡಿ.

4. ಮುಚ್ಚಳ ಹಾಕಿ, ಉರಿ ತಗ್ಗಿಸಿ.
ಅರ್ಧ ಲೀಟರ್ ನೀರು ಆವಿಯಾಗಿ ಹೋದರೆ 0.3 ಯೂನಿಟ್ ಹೋಯಿತು. ಅಷ್ಟರಲ್ಲಿ ಮೂರು ಲೀಟರ್ ತಣ್ಣೀರು ಕುದಿಗೆ ಬರುತ್ತಿತ್ತು! ಬೇಳೆ ನೆನೆಸಿಡಿ. ಮೊದಲ ವಿಷಲ್ ಬಂದ ಕೂಡಲೇ ಪವರ್ ಇಳಿಸಿ. ಒಳಗಿನ ಬಿಸಿಯೇ ಉಳಿದ ಕೆಲಸ ಮಾಡುತ್ತದೆ.

5. ಬಿಸಿಲಿದ್ದಾಗಲೇ ಬೇಯಿಸಿ.
ಹನ್ನೊಂದರಿಂದ ಎರಡರೊಳಗೆ ಅಡುಗೆ ಮುಗಿಸಿದರೆ ಪ್ಯಾನೆಲ್ ನೇರವಾಗಿ ಸ್ಟೌವ್‌ಗೆ ದುಡಿಯುತ್ತದೆ, ಬ್ಯಾಟರಿ ರಾತ್ರಿಗೆ ಉಳಿಯುತ್ತದೆ. ಒಳ್ಳೆ ಬಿಸಿಲಲ್ಲಿ ಒಂದು ಕಿಲೋವಾಟ್ ಪ್ಯಾನೆಲ್ ದಿನಕ್ಕೆ ನಾಲ್ಕು ಯೂನಿಟ್ ಹತ್ತಿರ ಕೊಡುತ್ತದೆ: ಎರಡು ಹೊತ್ತಿನ ಊಟ, ಕಾಫಿ, ಮೇಲೆ ಫ್ಯಾನು-ಲೈಟು. ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್ ಆದರೆ, ಕರೆಂಟ್ ಹೋದಾಗ ಮಟಮಟ ಮಧ್ಯಾಹ್ನದಲ್ಲೂ ಅದು ನಿಲ್ಲುತ್ತದೆ. ಲೈನ್‌ಮ್ಯಾನ್ ಸುರಕ್ಷತೆಗಾಗಿ ಹಾಗೆ ಮಾಡಿರುತ್ತಾರೆ. ಮಲೆನಾಡಿನ ಆಷಾಢದಲ್ಲಿ ಈ ಲೆಕ್ಕ ನಡೆಯದು. ಅಲ್ಲಿ ಗ್ಯಾಸ್ ಸಿಲಿಂಡರ್ ಮನೆಯಲ್ಲೇ ಇರಲಿ. ಜೋಳದ ರೊಟ್ಟಿ ಉಬ್ಬಿಸಲಿಕ್ಕೂ ಅದೇ ಬೇಕು.