ಮೀಟರ್ ತೋರಿಸಿದ 1.00

ಆಂಪ್ಲಿಫೈಯರ್ ಒಂದರ ನಾಲ್ಕು ಹಂತಗಳಿಗೆ ತಲಾ 1 ಮಿಲಿಆಂಪ್ ಬೇಕಿತ್ತು. ಅದಕ್ಕೆ ಕರೆಂಟ್ ಮಿರರ್ ಕಟ್ಟಲು ನಾನು ಆರಿಸಿಕೊಂಡದ್ದು ಸಿಎ3046. ಅದರ ಐದೂ ಟ್ರಾನ್ಸಿಸ್ಟರ್‌ಗಳು ಒಂದೇ ಚಿಪ್‌ನಲ್ಲಿರುವುದರಿಂದ ಹೆಚ್ಚುಕಡಿಮೆ ಒಂದೇ ತೆರನಾಗಿ ನಡೆದುಕೊಳ್ಳುತ್ತವೆ. ಬಿಡಿ ಬಿಸಿ547ಗಳಲ್ಲಿ ಬೇಸ್-ಎಮಿಟರ್ ವೋಲ್ಟೇಜ್ 5 ಮಿಲಿವೋಲ್ಟ್ ಬೇರೆಯಾದರೂ ಕರೆಂಟ್ ಶೇ 20ರಷ್ಟು ಬದಲಾಗುತ್ತದೆ.

ಒಂದನೇ ಟ್ರಾನ್ಸಿಸ್ಟರ್‌ನ ಕಲೆಕ್ಟರನ್ನು ಬೇಸಿಗೆ ಜೋಡಿಸಿ, 10 ವೋಲ್ಟ್‌ನಿಂದ 9.3 ಕಿಲೋಓಮ್ ಮೂಲಕ 1 ಮಿಲಿಆಂಪ್ ಹರಿಸಿದೆ. ಉಳಿದ ನಾಲ್ಕರ ಬೇಸ್‌ಗಳು ಅದೇ ತಂತಿಗೆ. 6 ಕಿಲೋಓಮ್ ಲೋಡ್ ಹಾಕಿ ಅಳೆದರೆ ಮೀಟರ್ 1.00 ತೋರಿಸಿತು.

ಅಷ್ಟು ಸರಿಯಾದ ಅಂಕಿ ಬರಬಾರದಿತ್ತು, ಅನುಮಾನ ಬಂದದ್ದೇ ಅಲ್ಲಿ. ಐದು ಬೇಸ್‌ಗಳಿಗೂ ಕರೆಂಟ್ ಹೋಗಬೇಕಾದ್ದು ಆ 1 ಮಿಲಿಆಂಪ್‌ನಿಂದಲೇ. ಬೀಟಾ 100 ಎಂದುಕೊಂಡರೆ ಪ್ರತಿ ಬೇಸ್ ಕಲೆಕ್ಟರ್ ಕರೆಂಟಿನ ನೂರನೇ ಒಂದು ಭಾಗ ಎಳೆಯುತ್ತದೆ. ಐದು ಸೇರಿದರೆ ಶೇ 5. ಹಾಗಾಗಿ ಕಲೆಕ್ಟರ್‌ಗೆ ಉಳಿಯುವುದು 1 ÷ 1.05, ಅಂದರೆ 0.952 ಮಿಲಿಆಂಪ್. ಒಂದೇ ಔಟ್‌ಪುಟ್ ಇದ್ದಿದ್ದರೆ ಕೊರತೆ ಶೇ 2ಕ್ಕೆ ನಿಲ್ಲುತ್ತಿತ್ತು.

ಆ ಕೊರತೆಯನ್ನು ಮುಚ್ಚಿದ್ದು ಅರ್ಲಿ ಪರಿಣಾಮ. ರೆಫರೆನ್ಸ್ ಕಲೆಕ್ಟರ್ 0.7 ವೋಲ್ಟ್‌ನಲ್ಲಿದೆ, ಔಟ್‌ಪುಟ್ ಕಲೆಕ್ಟರ್ 4 ವೋಲ್ಟ್‌ನಲ್ಲಿ. ಈ ಟ್ರಾನ್ಸಿಸ್ಟರ್‌ಗಳಲ್ಲಿ ಒಂದೊಂದು ವೋಲ್ಟ್‌ಗೆ ಕರೆಂಟ್ ಸುಮಾರು ಶೇ 1.5ರಷ್ಟು ಏರುತ್ತದೆ. ಬೇಸ್‌ಗಳು ತಿಂದ ಶೇ 5 ಅಲ್ಲಿಂದ ವಾಪಸು ಬಂದಿತ್ತು. ಲೋಡ್ ಹೆಚ್ಚಿಸಿ ಔಟ್‌ಪುಟ್ ಕಲೆಕ್ಟರನ್ನೂ 0.7 ವೋಲ್ಟ್‌ಗೆ ಇಳಿಸಿದಾಗ ಓದು 0.95ಕ್ಕೆ ಬಂತು. ಬೇಸ್ ಕರೆಂಟಿನ ದೋಷವನ್ನು ಬೇರ್ಪಡಿಸಿ ನೋಡಲು ನನಗೆ ಗೊತ್ತಿರುವ ಸುಲಭದ ದಾರಿ ಇದೇ.

ಪರಿಹಾರಕ್ಕೆ ಬೀಟಾ ಹೆಲ್ಪರ್ ಸೇರಿಸಿದೆ. ಒಂದನೇ ಟ್ರಾನ್ಸಿಸ್ಟರ್‌ನ ಕಲೆಕ್ಟರ್-ಬೇಸ್ ತಂತಿ ತೆಗೆದು, ಆ ಜಾಗದಲ್ಲಿ ಇನ್ನೊಂದು ಟ್ರಾನ್ಸಿಸ್ಟರ್: ಅದರ ಬೇಸ್ ರೆಫರೆನ್ಸ್ ಕಲೆಕ್ಟರಿಗೆ, ಎಮಿಟರ್ ಐದು ಬೇಸ್‌ಗಳ ತಂತಿಗೆ, ಕಲೆಕ್ಟರ್ ನೇರ 10 ವೋಲ್ಟ್‌ಗೆ. ಬೇಸ್‌ಗಳಿಗೆ ಬೇಕಾದ 50 ಮೈಕ್ರೋಆಂಪ್ ಈಗ ಸಪ್ಲೈನಿಂದ ಬರುತ್ತದೆ. ರೆಫರೆನ್ಸ್‌ನಿಂದ ಹೋಗುವುದು ಅರ್ಧ ಮೈಕ್ರೋಆಂಪ್ ಮಾತ್ರ. ದೋಷ ಶೇ 5ರಿಂದ ಶೇ 0.05ಕ್ಕೆ ಇಳಿಯಿತು. ಹೆಲ್ಪರ್ ಉಳಿದವುಗಳಿಗೆ ಹೊಂದಬೇಕಿಲ್ಲ, ಬಿಡಿ ಬಿಸಿ547 ಸಾಕು. ಆದರೆ ರೆಫರೆನ್ಸ್ ಕಲೆಕ್ಟರ್ ಈಗ 1.4 ವೋಲ್ಟ್‌ಗೆ ಏರುವುದರಿಂದ ರೆಸಿಸ್ಟರನ್ನು 8.6 ಕಿಲೋಓಮ್‌ಗೆ ಇಳಿಸಬೇಕು.

ಇಷ್ಟಾದ ಮೇಲೆ 4 ವೋಲ್ಟ್‌ನಲ್ಲಿ ಅಳೆದರೆ ಮೀಟರ್ 1.04 ತೋರಿಸುತ್ತದೆ. ಹೆಲ್ಪರ್ ಹಾಕಿ ಕೆಟ್ಟಿತು ಅನ್ನಿಸುವುದು ಸಹಜ, ಆದರೆ ಅದು ತನ್ನ ಕೆಲಸ ಮಾಡಿದೆ. ಉಳಿದಿರುವುದು ಅರ್ಲಿ ಪರಿಣಾಮ ಮಾತ್ರ. ಅದನ್ನು ಹೆಲ್ಪರ್ ಮುಟ್ಟುವುದೇ ಇಲ್ಲ. ಒಂದೇ ಔಟ್‌ಪುಟ್ ಸಾಕಾಗುವ ಕಡೆ ನಾನು ಮೂರು ಟ್ರಾನ್ಸಿಸ್ಟರ್‌ಗಳ ವಿಲ್ಸನ್ ಮಿರರ್ ಹಾಕುತ್ತೇನೆ, ಅದು ಎರಡೂ ದೋಷಗಳನ್ನು ಒಟ್ಟಿಗೆ ತಗ್ಗಿಸುತ್ತದೆ.