ಕೆಲಸ ಹೋದ ವಾರ ಮಾಡಬೇಕಾದ ಲೆಕ್ಕ

ತಮ್ಮಾ, ಕೆಲಸ ಹೋಯಿತೆಂದು ಕಂಪನಿ ಹೇಳಿದ ರಾತ್ರಿಯೇ ಕಂಡಕಂಡಲ್ಲಿ ಅರ್ಜಿ ಹಾಕುತ್ತಾ ಕೂರಬೇಡ. ಕೈಯಲ್ಲಿರುವ ದುಡ್ಡು ಯಾವ ತಿಂಗಳಿಗೆ ಮುಗಿಯುತ್ತದೆ ಎಂದು ಮೊದಲು ತಿಳಿದುಕೊ. ಎಂಥ ಕೆಲಸ ಹುಡುಕಬೇಕು, ಎಲ್ಲಿಯವರೆಗೆ ಕಾಯಬಹುದು ಎಂಬುದೆಲ್ಲ ಅದರ ಮೇಲೆ ನಿಂತಿದೆ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವನು, ಮನೆಯಲ್ಲಿ ಹೆಂಡತಿ ಮತ್ತು ಶಾಲೆಗೆ ಹೋಗುವ ಮಗು ಎಂದಿಟ್ಟುಕೊ. ಮಾರ್ಚ್ ಕೊನೆಗೆ ಕೆಲಸ ಹೋಯಿತು. ಪರಿಹಾರದ ಹಣ ತೆರಿಗೆ ಕಳೆದು 2,40,000 ರೂಪಾಯಿ, ಬ್ಯಾಂಕಿನ ಠೇವಣಿ 3,00,000. ತಿಂಗಳ ಖರ್ಚು 60,000 ಇದ್ದರೆ ಒಂಬತ್ತು ತಿಂಗಳು ಸಾಗುತ್ತದೆ ಅನಿಸುತ್ತದೆ. ಆದರೆ ಜೂನ್‌ನಲ್ಲಿ ಶಾಲೆಯ ಫೀಸು 60,000 ಕಟ್ಟಬೇಕು. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ನಿಲ್ಲುವುದರಿಂದ ಹೊಸ ಪಾಲಿಸಿಗೆ 30,000 ಬೇಕು. ಉಳಿಯುವುದು 4,50,000. ಅಂದರೆ ಏಳೂವರೆ ತಿಂಗಳು, ನವೆಂಬರ್ ಮಧ್ಯದವರೆಗೆ.

ಇಷ್ಟಕ್ಕೇ ಲೆಕ್ಕ ನಿಲ್ಲಿಸುವವರು ಬಹಳ. ಆಫರ್ ಕೈಗೆ ಬಂದ ಮೇಲೂ ದಾಖಲೆಗಳ ಪರಿಶೀಲನೆ ನಡೆಯಬೇಕು, ಕೆಲಸಕ್ಕೆ ಸೇರಬೇಕು, ಮೊದಲ ಸಂಬಳಕ್ಕೆ ತಿಂಗಳ ಕೊನೆಯವರೆಗೆ ಕಾಯಬೇಕು. ಇದಕ್ಕೆ ಎರಡು ತಿಂಗಳು ತೆಗೆದಿಡು. ಹಾಗಾದರೆ ಆಫರ್ ಸೆಪ್ಟೆಂಬರ್ ಮಧ್ಯದೊಳಗೆ ಸಿಗಬೇಕು. ಜೂನ್ ಕೊನೆಯವರೆಗೆ ಹಳೆಯ ಸಂಬಳವನ್ನೇ ಕೇಳು. ಆಮೇಲೆ ಐದನೇ ಒಂದು ಪಾಲು ಕಡಿಮೆಯಾದರೂ ಒಪ್ಪು. ಆಗಸ್ಟ್ ಬಂದರೂ ಏನೂ ಕುದುರದಿದ್ದರೆ ಗುತ್ತಿಗೆ ಕೆಲಸಕ್ಕೂ ಸರಿ ಅನ್ನು. ಈ ಗಡುವುಗಳನ್ನು ಈಗಲೇ ಬರೆದಿಡು, ಏಕೆಂದರೆ ದುಡ್ಡು ಕರಗುತ್ತಿರುವಾಗ ಹೆದರಿಕೆ ನಿರ್ಧಾರ ಮಾಡಿಬಿಡುತ್ತದೆ.

ಪರಿಹಾರದ ಹಣ ಖಾತೆಗೆ ಬೀಳುವವರೆಗೆ ಅದನ್ನು ನಂಬಿ ಖರ್ಚು ಮಾಡಬೇಡ, ಅಂತಿಮ ಲೆಕ್ಕ ಚುಕ್ತಾ ಆಗುವುದು ತಡವಾಗಬಹುದು. ಬಂದಮೇಲೆ ಅದನ್ನು ಗೃಹಸಾಲದ ಅಸಲಿಗೆ ತುಂಬಲೂ ಬೇಡ. ಭಾರ ಇಳಿದಂತೆ ಕಾಣುತ್ತದೆ, ನಿಜ. ಆದರೆ ಮುಂದಿನ ತಿಂಗಳ ಇಎಂಐ ಕಟ್ಟಲೇಬೇಕು, ಅಸಲಿಗೆ ಹೋದ ದುಡ್ಡು ಸಾಮಾನ್ಯ ಸಾಲದಲ್ಲಿ ಕೇಳಿದಾಗ ವಾಪಸ್ ಬರುವುದಿಲ್ಲ. ಎಸ್‌ಐಪಿ ನಿಲ್ಲಿಸಬಹುದು, ಇಎಂಐ ತಪ್ಪಿಸಬೇಡ. ಪಿಎಫ್ ಹಣವನ್ನು ಕೊನೆಗೆ ಮುಟ್ಟು. ಐದು ವರ್ಷದ ಸೇವೆ ತುಂಬುವ ಮೊದಲು ತೆಗೆದರೆ ತೆರಿಗೆಯೂ ಬೀಳಬಹುದು.

ವಿಮೆಯ ವಿಷಯಕ್ಕೆ ಮಾತ್ರ ತಡಮಾಡಬೇಡ. ಗುಂಪು ವಿಮೆ ಮುಗಿಯುವ ಮೊದಲೇ ಅದೇ ವಿಮಾ ಕಂಪನಿಗೆ ಬರೆದು ಸ್ವಂತ ಪಾಲಿಸಿಗೆ ಬದಲಾಯಿಸಿಕೊಡಿ ಎಂದು ಕೇಳು. ಹಾಗಾದರೆ ಹಳೆಯ ಕಾಯಿಲೆಗಳಿಗಿರುವ ಕಾಯುವ ಅವಧಿಯಲ್ಲಿ ನೀನು ಕಳೆದ ವರ್ಷಗಳೂ ಲೆಕ್ಕಕ್ಕೆ ಸಿಗುತ್ತವೆ.

ಕೆಲಸ ಹೋದದ್ದನ್ನು ಹೆಂಡತಿಯಿಂದ ಮುಚ್ಚಿಡಬೇಡ, ಇಬ್ಬರೂ ಕೂತು ಲೆಕ್ಕ ಹಾಕಿ. ಹಿಂದೆ ಜೊತೆಗೆ ದುಡಿದವರಿಗೆ ಸಂಕೋಚ ಬಿಟ್ಟು ಈ ವಾರವೇ ಫೋನ್ ಮಾಡು. ನಿನ್ನ ಕೆಲಸ ಕಣ್ಣಾರೆ ಕಂಡವರು ಅವರೇ, ಅವರ ಕಂಪನಿಯಲ್ಲಿ ನಿನ್ನ ಹೆಸರು ಹೇಳಬಲ್ಲವರೂ ಅವರೇ.